ಮನೆ ಮಾಲೀಕರಿಗೆ ಬಾಡಿಗೆ ರಸೀದಿ ಕೇಳಿ ಇಮೇಲ್ ಬರೆಯುವುದು ಹೇಗೆ?

ಜನವರಿ ಬಂತೆಂದರೆ ಹುಬ್ಬಳ್ಳಿಯ ನಮ್ಮ ಆಫೀಸಿನ ಅಕೌಂಟ್ಸ್ ಟೇಬಲ್ಲಿಗೆ ಬಾಡಿಗೆ ರಸೀದಿಗಳು ಬಂದು ಬೀಳುತ್ತವೆ. ಅರ್ಧಕ್ಕರ್ಧ ವಾಪಸ್ ಕಳಿಸಬೇಕಾಗುತ್ತದೆ. ತಪ್ಪು ರಸೀದಿಯದ್ದಲ್ಲ, ಅದನ್ನು ಕೇಳಿದ ರೀತಿಯದ್ದು. "ಸರ್, ಎಚ್‌ಆರ್‌ಎಗೆ ರಸೀದಿ ಬೇಕಿತ್ತು, ಕಳಿಸ್ರಿ" ಅಂತ ಒಂದು ಸಾಲು ಬರೆದರೆ ಮಾಲೀಕರು ಏನು ಬರೆಯಬೇಕು, ಯಾರ ಹೆಸರಲ್ಲಿ ಬರೆಯಬೇಕು?

ಮೊದಲು ನೀವು ಹಳೆ ತೆರಿಗೆ ಪದ್ಧತಿಯಲ್ಲಿದ್ದೀರಾ ನೋಡಿಕೊಳ್ಳಿ. ಹೊಸದರಲ್ಲಿದ್ದರೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಇಲ್ಲ, ಇಮೇಲೂ ಬೇಡ.

ಎರಡನೆಯದು, ಕರಾರು ಪತ್ರ ತೆಗೆದು ಮಾಲೀಕರ ಹೆಸರು ನೋಡಿ. ಎಡವುವುದು ಇಲ್ಲೇ ಜಾಸ್ತಿ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಬಾಡಿಗೆಗಿರುವ ಮನೆ ಇರುವುದು ಒಬ್ಬ ತಾಯಿಯ ಹೆಸರಲ್ಲಿ. ಬಾಡಿಗೆ ಹೋಗುವುದು ಪುಣೆಯಲ್ಲಿರುವ ಆಕೆಯ ಮಗನ ಖಾತೆಗೆ. ರಸೀದಿಗೆ ಮಗ ಸಹಿ ಹಾಕಿ ಕಳಿಸಿದ. ಕರಾರಿನಲ್ಲಿ ಒಂದು ಹೆಸರು, ರಸೀದಿಯಲ್ಲಿ ಇನ್ನೊಂದು. ನಾನು ವಾಪಸ್ ಕಳಿಸಿದೆ. ತಾಯಿಯೇ ಸಹಿ ಮಾಡಬೇಕು, ರೊಕ್ಕ ಮಗನ ಖಾತೆಗೆ ಬಂದಿದೆ ಎಂದು ಅದೇ ರಸೀದಿಯಲ್ಲಿ ಒಂದು ಸಾಲು ಬರೆಯಬೇಕು.

ಮೂರನೆಯದು, ರಸೀದಿಯನ್ನು ನೀವೇ ತುಂಬಿ. ಮಾಲೀಕರಿಗೆ ಸಹಿಯ ಕೆಲಸ ಮಾತ್ರ ಬಿಡಿ. ಸ್ಟೇಷನರಿ ಅಂಗಡಿಯ ರೆಡಿಮೇಡ್ ರಸೀದಿ ಪುಸ್ತಕ ನನಗೆ ಆಗುವುದಿಲ್ಲ. ಅದರಲ್ಲಿ ಮನೆ ವಿಳಾಸಕ್ಕೂ ಪ್ಯಾನ್ ನಂಬರಿಗೂ ಜಾಗವೇ ಇರುವುದಿಲ್ಲ. ಬಿಳಿ ಹಾಳೆ ಸಾಕು. ಕರೆಂಟ್ ಬಿಲ್, ನೀರಿನ ಬಿಲ್, ಡಿಪಾಸಿಟ್ ಬಾಡಿಗೆಯಲ್ಲ, ಅವನ್ನು ಸೇರಿಸಬೇಡಿ.

ಈಗ ಲೆಕ್ಕ. ಆ ಮಾಳಮಡ್ಡಿ ಮನೆಯ ಬಾಡಿಗೆ ಏಪ್ರಿಲ್‌ನಿಂದ ಜುಲೈವರೆಗೆ 9,000, ಆಗಸ್ಟ್‌ನಿಂದ 9,500. ಮೂರು ತಿಂಗಳಿಗೊಂದು ರಸೀದಿ ಎಂದರೆ ಮೊದಲನೆಯದು 27,000. ಎರಡನೆಯದನ್ನು ಎಲ್ಲರೂ 28,500 ಎಂದು ಬರೆಯುತ್ತಾರೆ. ಜುಲೈ ಹಳೆ ಬಾಡಿಗೆ ಅಲ್ವಾ? ಅದು 28,000. ಮೂರನೆಯದು 28,500. ಡಿಸೆಂಬರ್‌ವರೆಗೆ ಒಟ್ಟು 83,500.

ಲಕ್ಷ ದಾಟಿಲ್ಲ, ಪ್ಯಾನ್ ಬೇಡ ಎಂದು ಇಲ್ಲಿ ನೆಮ್ಮದಿಯಾಗಬೇಡಿ. ನೋಡುವುದು ಇಡೀ ವರ್ಷದ ಬಾಡಿಗೆ. ಮಾರ್ಚ್‌ಗೆ ಅದು 1,12,000 ಆಗುತ್ತದೆ. ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು. ಈಗಲೇ ಕೇಳಿ.

ಇಮೇಲ್ ಹೀಗಿರಲಿ:

"ವಿಷಯ: ಮಾಳಮಡ್ಡಿ ಮನೆಯ ಬಾಡಿಗೆ ರಸೀದಿ, ಏಪ್ರಿಲ್–ಡಿಸೆಂಬರ್

ಅಮ್ಮನವರಿಗೆ ನಮಸ್ಕಾರ. ಆಫೀಸಿನಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ನಿಮ್ಮ ಸಹಿ ಇರುವ ರಸೀದಿ ಕೇಳಿದ್ದಾರೆ. ಮೂರು ರಸೀದಿ ತುಂಬಿ ಇದರ ಜೊತೆ ಕಳಿಸಿದ್ದೇನೆ: 27,000, 28,000, 28,500. ಹಣ ನಿಮ್ಮ ಮಗನ ಖಾತೆಗೆ ಹೋದ ತಾರೀಖುಗಳ ಪಟ್ಟಿಯೂ ಇದೆ. ಮೊತ್ತ ಸರಿ ಇದ್ದರೆ ಪ್ರಿಂಟ್ ತೆಗೆಸಿ, ಸಹಿ ಮಾಡಿ, ನಿಮ್ಮ ಪ್ಯಾನ್ ನಂಬರ್ ಬರೆದು ಸ್ಕ್ಯಾನ್ ಕಳಿಸಿ. ಮೂಲ ಪ್ರತಿಗಳನ್ನು ಕೊರಿಯರ್ ಮಾಡಿ, ಖರ್ಚು ನನ್ನದು. 25ರೊಳಗೆ ಸಿಕ್ಕರೆ ಅನುಕೂಲ. ಜನವರಿ–ಮಾರ್ಚ್ ರಸೀದಿಯನ್ನು ಬಾಡಿಗೆ ಕೊಟ್ಟ ಮೇಲೆ ಕೇಳುತ್ತೇನೆ."

ಕೊನೆಯ ಸಾಲು ಬಿಡಬೇಡಿ. ಕೊಡದ ಬಾಡಿಗೆಗೆ ಮುಂಚೆಯೇ ಸಹಿ ಕೇಳಿದರೆ ಯಾವ ಮಾಲೀಕರಿಗೂ ಅನುಮಾನ ಬರುತ್ತದೆ. ನಗದು ಕೊಡುವವರಾದರೆ, 5,000 ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಸಹಿ ಅದರ ಮೇಲೆ ಹಾಯ್ದು ಬರಲಿ.

"ಪ್ಯಾನ್ ಯಾಕ್ ಬೇಕ್ರಿ ನಿಮಗ?" ಅಂತ ಫೋನ್ ಬಂದೇ ಬರುತ್ತದೆ. ಸುಮ್ನೆ ಫಾರ್ಮಾಲಿಟಿ ಎನ್ನಬೇಡಿ. ಆ ನಂಬರ್ ಕಂಪನಿಯ ಟಿಡಿಎಸ್ ಲೆಕ್ಕದ ಜೊತೆ ತೆರಿಗೆ ಇಲಾಖೆಗೆ ಹೋಗುತ್ತದೆ, ಹಾಗಂತಲೇ ಹೇಳಿ. ಬಾಡಿಗೆ ಅಷ್ಟಕ್ಕೂ ತೆರಿಗೆ ಬೀಳುವುದಿಲ್ಲ ಎಂಬುದನ್ನೂ ಹೇಳಿ. ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಬಿಟ್ಟು ಲೆಕ್ಕ ಹಾಕುತ್ತಾರೆ.

ಅವರು ಒಪ್ಪದಿದ್ದರೆ ಮಾವನದೋ ಗೆಳೆಯನದೋ ಪ್ಯಾನ್ ಹಾಕುವ ಚಾಳಿ ಇದೆ. ನನ್ನ ಟೇಬಲ್ಲಿಗೆ ಅಂಥದ್ದು ತರಬೇಡಿ. ಕಂಪನಿ ವಿನಾಯಿತಿ ಕೊಡದಿದ್ದರೂ, ಬಾಡಿಗೆ ಬ್ಯಾಂಕಿನಿಂದ ಹೋದ ದಾಖಲೆ ಇಟ್ಟುಕೊಂಡು ರಿಟರ್ನ್ ಸಲ್ಲಿಸುವಾಗ ನೀವೇ ಕೇಳಬಹುದು. ಆ ಸಹೋದ್ಯೋಗಿಯ ಮೂಲ ವೇತನ, ಡಿಎ ಸೇರಿ ತಿಂಗಳಿಗೆ 40,000. ವರ್ಷದ ಬಾಡಿಗೆ 1,12,000ದಲ್ಲಿ ಸಂಬಳದ ಶೇ 10, ಅಂದರೆ 48,000 ಕಳೆದರೆ 64,000. ಸಂಬಳದ ಶೇ 40 ಮತ್ತು ಅವರಿಗೆ ಸಿಗುವ ಎಚ್‌ಆರ್‌ಎ ಎರಡೂ ಇದಕ್ಕಿಂತ ಜಾಸ್ತಿ. ಮೂರರಲ್ಲಿ ಕಡಿಮೆ ಇರುವುದಕ್ಕೇ ವಿನಾಯಿತಿ, ಹಾಗಾಗಿ ಅದು 64,000ಕ್ಕೆ. ತಾಯಿಯ ಸಹಿ ಇದ್ದ ರಸೀದಿಗಳು ಪುಣೆಯಿಂದ ಹನ್ನೊಂದನೇ ದಿನಕ್ಕೆ ಬಂದವು.