ಯಂತ್ರ ಅಳಿದರೂ ಅರ್ಜಿ ಉಳಿಯುವಂತೆ ಮಾಡಿದ ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ತಂತ್ರಾಂಶವು ಒಂದು ಶಿಕ್ಷಣ ಸಂಸ್ಥೆಯ ಪ್ರವೇಶ ಅರ್ಜಿಗಳನ್ನು ಸ್ವೀಕರಿಸುತ್ತಿತ್ತು. ವಿದ್ಯಾರ್ಥಿಯು ಲಾಗಿನ್ ಆಗಿ, ವಿವರಗಳನ್ನು ತುಂಬಿ, ಭಾವಚಿತ್ರವನ್ನೂ ಅಂಕಪಟ್ಟಿಯನ್ನೂ ಅಪ್‌ಲೋಡ್ ಮಾಡಿದ ಮೇಲೆ ಅವನ ಪ್ರವೇಶಪತ್ರದ ಪಿಡಿಎಫ್ ಸಿದ್ಧವಾಗುತ್ತಿತ್ತು. ಕಚೇರಿಯ ಸರ್ವರ್‌ನಲ್ಲಿ ಓಡುತ್ತಿದ್ದ ಈ ನೋಡ್ ಜೆಎಸ್ ತಂತ್ರಾಂಶವನ್ನು ನಾವು ಒಂದಕ್ಷರವನ್ನೂ ಬದಲಿಸದೆ ಕ್ಲೌಡ್‌ನ ಒಂದು ವರ್ಚುವಲ್ ಯಂತ್ರಕ್ಕೆ ಸಾಗಿಸಿದೆವು. ವಿದ್ಯುತ್ ಹೋಗುವ ಚಿಂತೆ ತಪ್ಪಿತು, ಡಿಸ್ಕ್ ಕೆಡುವ ಭಯ ಕಡಿಮೆಯಾಯಿತು. ಕ್ಲೌಡ್‌ಗೆ ಬಂದೆವೆಂದೇ ನಾವೆಲ್ಲರೂ ನಂಬಿದೆವು.

ಅರ್ಜಿಯ ಕೊನೆಯ ವಾರದಲ್ಲಿ ಆ ಯಂತ್ರಕ್ಕೆ ಹೊರೆ ಹೆಚ್ಚಾದಾಗ, ಅದರ ಪ್ರತಿಯಾಗಿ ಎರಡನೆಯ ಯಂತ್ರವೊಂದನ್ನು ಎಬ್ಬಿಸಿ ಎರಡರ ಮುಂದೆ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟೆವು. ಅಂದೇ ದೂರುಗಳು ಶುರುವಾದವು. ಲಾಗಿನ್ ಆದವರು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮತ್ತೆ ಲಾಗಿನ್ ಪುಟಕ್ಕೆ ಬರುತ್ತಿದ್ದರು, ಏಕೆಂದರೆ ಸೆಷನ್ ಮೊದಲ ಯಂತ್ರದ ಮೆಮೊರಿಯಲ್ಲಿತ್ತು, ಕೋರಿಕೆ ಎರಡನೆಯದಕ್ಕೆ ಹೋಗಿತ್ತು. ಅಪ್‌ಲೋಡ್ ಮಾಡಿದ ಭಾವಚಿತ್ರ ಒಮ್ಮೆ ಕಾಣುತ್ತಿತ್ತು, ಪುಟವನ್ನು ಮತ್ತೆ ತೆರೆದರೆ ಕಾಣುತ್ತಿರಲಿಲ್ಲ. ರಾತ್ರಿ ಹೋಗಬೇಕಾದ ನೆನಪಿನ ಇಮೇಲ್ ಪ್ರತಿಯೊಬ್ಬರಿಗೂ ಎರಡೆರಡು ಬಾರಿ ಹೋಯಿತು, ಏಕೆಂದರೆ ಯಂತ್ರದ ಪ್ರತಿಯ ಜೊತೆಗೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಕೂಡ ಪ್ರತಿಯಾಗಿತ್ತು. ಸೆಷನ್‌ಗೆ ತಾತ್ಕಾಲಿಕ ಪರಿಹಾರವಾಗಿ, ಒಬ್ಬ ಬಳಕೆದಾರನನ್ನು ಒಂದೇ ಯಂತ್ರಕ್ಕೆ ಕಳಿಸುವಂತೆ ಬ್ಯಾಲೆನ್ಸರ್‌ಗೆ ಹೇಳಿದೆವು. ಅದು ರೋಗವನ್ನು ಮುಚ್ಚಿಟ್ಟಿತಷ್ಟೆ: ಆ ಯಂತ್ರವನ್ನು ತೆಗೆದ ಕ್ಷಣ ಅದರಲ್ಲಿದ್ದವರೆಲ್ಲರೂ ಹೊರಬೀಳುತ್ತಿದ್ದರು.

ಕ್ಲೌಡ್‌ನಲ್ಲಿ ಇರಿಸಿದ ತಂತ್ರಾಂಶಕ್ಕೂ ಕ್ಲೌಡ್-ನೇಟಿವ್ ತಂತ್ರಾಂಶಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆ ವಾರದಲ್ಲಿ. ಮೊದಲನೆಯದು ತಾನಿರುವ ಯಂತ್ರ ಶಾಶ್ವತವೆಂದು ನಂಬಿರುತ್ತದೆ. ಎರಡನೆಯದು ಆ ಯಂತ್ರ ಯಾವ ಗಳಿಗೆಯಲ್ಲಾದರೂ ಹೋಗಬಹುದೆಂದು ತಿಳಿದೇ ಬರೆದದ್ದಾಗಿರುತ್ತದೆ. 2011ರ ಸುಮಾರಿಗೆ ಹೆರೋಕು ಸಂಸ್ಥೆಯ ಆ್ಯಡಮ್ ವಿಗ್ಗಿನ್ಸ್ ಇಂಥ ತಂತ್ರಾಂಶಗಳಿಗಾಗಿ ಬರೆದಿಟ್ಟ ಹನ್ನೆರಡು ಸೂತ್ರಗಳನ್ನು ನಾನು ಮೊದಲೂ ಓದಿದ್ದೆ. ಆದರೆ ಆರನೆಯ ಸೂತ್ರ, ಅಂದರೆ ಪ್ರೋಸೆಸ್ ತನ್ನಲ್ಲಿ ಏನನ್ನೂ ಉಳಿಸಿಕೊಳ್ಳಬಾರದು ಎಂಬುದು, ಮತ್ತು ಒಂಬತ್ತನೆಯದು, ಅಂದರೆ ಅದು ಬೇಗ ಏಳಬೇಕು ಹಾಗೂ ಅಚ್ಚುಕಟ್ಟಾಗಿ ಮುಗಿಯಬೇಕು ಎಂಬುದು, ನಮ್ಮ ತೊಂದರೆಯ ನಡುವೆ ನಿಂತು ಓದಿದಾಗಲೇ ಅರ್ಥವಾದವು.

ಮರುವರ್ಷದ ಅರ್ಜಿಗಳಿಗೆ ಮುನ್ನ ನಾವು ಮೊದಲು ಮಾಡಿದ್ದು, ಯಂತ್ರದೊಳಗೆ ಏನೇನು ಉಳಿಯುತ್ತಿದೆ ಎಂದು ಹುಡುಕಿದ್ದು. ತಂತ್ರಾಂಶವನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸಿ, ಒಂದು ಅರ್ಜಿಯನ್ನು ಆರಂಭದಿಂದ ಕೊನೆಯವರೆಗೆ ತುಂಬಿ, ಬಳಿಕ `docker diff` ಆಜ್ಞೆಯನ್ನು ಕೊಟ್ಟೆವು. ಕಂಟೇನರ್ ಎದ್ದ ಮೇಲೆ ಸೇರಿದ, ಬದಲಾದ ಕಡತಗಳನ್ನೆಲ್ಲ ಅದು ತೋರಿಸುತ್ತದೆ. ಅಪ್‌ಲೋಡ್ ಕಡತಗಳು ಅಲ್ಲಿರುವುದು ಗೊತ್ತಿತ್ತು. ಅರ್ಧ ಸಿದ್ಧವಾದ ಪಿಡಿಎಫ್‌ಗಳೂ ಇದ್ದದ್ದು ಗೊತ್ತಿರಲಿಲ್ಲ. ಸೆಷನ್ ಮೆಮೊರಿಯಲ್ಲಿದ್ದುದರಿಂದ ಆ ಪಟ್ಟಿಯಲ್ಲಿ ಕಾಣಲಿಲ್ಲ. ಆದ್ದರಿಂದ ಈ ಆಜ್ಞೆಯೊಂದನ್ನೇ ನಂಬಬಾರದು. ಸೆಷನ್ನುಗಳನ್ನು ಎಲ್ಲ ಪ್ರತಿಗಳೂ ಹಂಚಿಕೊಳ್ಳುವ ರೆಡಿಸ್ ಎಂಬ ಡೇಟಾ ಸಂಗ್ರಹಕ್ಕೆ, ಕಡತಗಳನ್ನು ಆಬ್ಜೆಕ್ಟ್ ಸ್ಟೋರೇಜ್‌ಗೆ ಸಾಗಿಸಿದೆವು. ಕ್ರಾನ್ ಕೆಲಸವನ್ನು ಯಂತ್ರದಿಂದ ತೆಗೆದು, ನಿಗದಿತ ಹೊತ್ತಿಗೆ ಒಮ್ಮೆ ಮಾತ್ರ ಎದ್ದು ಮುಗಿಯುವ ಪ್ರತ್ಯೇಕ ಪ್ರೋಸೆಸ್ ಮಾಡಿದೆವು. ಡೇಟಾಬೇಸ್‌ನ ವಿಳಾಸ ಮತ್ತು ಗುಪ್ತಪದ ಕೋಡ್‌ನಿಂದ ಹೊರಬಂದು `DATABASE_URL` ಎಂಬ ಪರಿಸರ ಚರಾಂಶದಲ್ಲಿ ಕುಳಿತವು.

ಇಷ್ಟಾದ ಮೇಲೂ, ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನಲ್ಲಿ ಹೊಸ ಆವೃತ್ತಿಯನ್ನು ಹಾಕಿದಾಗಲೆಲ್ಲ ಕೆಲವು ಬಳಕೆದಾರರಿಗೆ 502 ದೋಷ ಬರುತ್ತಿತ್ತು. ಕಾರಣ ಸಿಕ್ಕಿದ್ದು ಒಂದು ಸಣ್ಣ ಸುಳಿವಿನಿಂದ: ನನ್ನ ಲ್ಯಾಪ್‌ಟಾಪ್‌ನಲ್ಲಿ `docker stop` ಕೊಟ್ಟರೆ ಪ್ರತಿ ಸಲವೂ ಸರಿಯಾಗಿ 10 ಸೆಕೆಂಡ್ ಹಿಡಿಯುತ್ತಿತ್ತು, ಕಂಟೇನರ್‌ನ ನಿರ್ಗಮನ ಸಂಖ್ಯೆ 137 ಆಗಿರುತ್ತಿತ್ತು. ಡಾಕರ್ ಮೊದಲು `SIGTERM` ಕಳಿಸಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ `SIGKILL` ಕಳಿಸಿ ಬಲವಂತವಾಗಿ ಕೊಲ್ಲುತ್ತದೆ. 137 ಎಂದರೆ 128ಕ್ಕೆ ಆ ಸಂಕೇತದ ಸಂಖ್ಯೆಯಾದ 9ನ್ನು ಕೂಡಿದ್ದು. ಅಂದರೆ, ಹೊರಡು ಎಂಬ ಮಾತು ನಮ್ಮ ತಂತ್ರಾಂಶದ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕಂಟೇನರ್‌ನ ಮೊದಲ ಪ್ರೋಸೆಸ್ ನಾವು ಬರೆದ `start.sh` ಆಗಿತ್ತು. ಸಂಕೇತ ಶೆಲ್‌ಗೆ ತಲುಪುತ್ತಿತ್ತು, ಶೆಲ್ ಅದನ್ನು ನೋಡ್‌ಗೆ ದಾಟಿಸುತ್ತಿರಲಿಲ್ಲ. ಕೊನೆಯ ಸಾಲಿಗೆ ಒಂದು ಪದ ಸೇರಿಸಿದಾಗ ಶೆಲ್‌ನ ಜಾಗಕ್ಕೆ ನೋಡ್ ತಾನೇ ಬಂದಿತು:

```sh
exec node server.js
```

ಆದರೆ ಮೊದಲ ಪ್ರೋಸೆಸ್ ಆಗಿ ಕುಳಿತ ನೋಡ್‌ಗೆ ಸಂಕೇತವನ್ನು ಏನು ಮಾಡಬೇಕೆಂದು ನಾವೇ ಹೇಳಬೇಕು. ಹೇಳದಿದ್ದರೆ ಲಿನಕ್ಸ್ ಕರ್ನಲ್ ಆ ಪ್ರೋಸೆಸ್‌ನ ವಿಷಯದಲ್ಲಿ `SIGTERM` ಅನ್ನು ಕಡೆಗಣಿಸುತ್ತದೆ. ಆದ್ದರಿಂದ ಇದನ್ನೂ ಬರೆದೆವು:

```js
process.on('SIGTERM', () => {
  setTimeout(() => {
    server.close(() => process.exit(0));
  }, 5000);
});
```

ಆ 5 ಸೆಕೆಂಡ್ ಕಾಯುವಿಕೆ ಅನಗತ್ಯವೆಂದು ಸಹೋದ್ಯೋಗಿಯೊಬ್ಬರು ತೆಗೆದುಹಾಕಿದರು, 502 ಮತ್ತೆ ಬಂದಿತು. ಕುಬರ್ನೆಟೀಸ್ ಒಂದು ಪಾಡ್‌ಗೆ, ಅಂದರೆ ತಂತ್ರಾಂಶದ ಓಡುತ್ತಿರುವ ಒಂದು ಪ್ರತಿಗೆ, ಸಂಕೇತ ಕಳಿಸುವುದೂ, ಅದರ ವಿಳಾಸವನ್ನು ಪಟ್ಟಿಯಿಂದ ತೆಗೆಯುವುದೂ ಏಕಕಾಲಕ್ಕೆ ನಡೆಯುತ್ತವೆ. ಪಟ್ಟಿಯ ಬದಲಾವಣೆ ಎಲ್ಲ ಕಡೆಗೂ ತಲುಪುವ ತನಕ ಹೊಸ ಕೋರಿಕೆಗಳು ಹಳೆಯ ಪಾಡ್‌ಗೆ ಬರುತ್ತಲೇ ಇರುತ್ತವೆ. ಕುಬರ್ನೆಟೀಸ್ ತಾನಾಗಿ ಕೊಡುವ ಗಡುವು 30 ಸೆಕೆಂಡ್ ಆದುದರಿಂದ, 5 ಸೆಕೆಂಡ್ ಕಾದರೂ ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಲು ಸಮಯ ಉಳಿಯುತ್ತದೆ.

ಪಿಡಿಎಫ್ ಮಾಡುವ ವರ್ಕರ್‌ನ ಕಥೆ ಬೇರೆ. ಅದು ರೆಡಿಸ್‌ನ ಸಾಲಿನಿಂದ ಒಂದು ಅರ್ಜಿಯನ್ನು ತೆಗೆದುಕೊಂಡ ಮೇಲೆ ನಡುವೆ ಸತ್ತರೆ ಆ ಅರ್ಜಿ ಎಲ್ಲಿಯೂ ಇರುತ್ತಿರಲಿಲ್ಲ. ಈಗ `LMOVE` ಮೂಲಕ ಅದನ್ನು ‘ನಡೆಯುತ್ತಿರುವ ಕೆಲಸ’ಗಳ ಇನ್ನೊಂದು ಸಾಲಿಗೆ ಸರಿಸಿ, ಪಿಡಿಎಫ್ ಸಂಗ್ರಹವಾದ ಮೇಲಷ್ಟೇ ಅಲ್ಲಿಂದ ಅಳಿಸುತ್ತೇವೆ, ಬಹಳ ಹೊತ್ತು ಅಲ್ಲಿಯೇ ಉಳಿದದ್ದು ಮೊದಲಿನ ಸಾಲಿಗೆ ಮರಳುತ್ತದೆ. ಹೀಗೆ ಮಾಡಿದರೆ ಒಂದೇ ಕೆಲಸ ಎರಡು ಬಾರಿ ನಡೆಯುವ ಸಾಧ್ಯತೆಯಿದೆ. ಆದ್ದರಿಂದ ಅರ್ಜಿ ಸಂಖ್ಯೆಯನ್ನೇ ಕಡತದ ಹೆಸರಾಗಿಸಿದೆವು. ಎರಡನೆಯ ಬಾರಿ ಬರೆದರೂ ಅದೇ ಪ್ರವೇಶಪತ್ರ ಅದೇ ಜಾಗದಲ್ಲಿ ಕೂರುತ್ತದೆ.

ಸ್ಥಿತಿಯೆಲ್ಲ ಹೊರಗೆ ಹೋದರೂ ಅದು ಮಾಯವಾಗುವುದಿಲ್ಲ, ಎಲ್ಲೋ ಒಂದೆಡೆ ಇದ್ದೇ ಇರುತ್ತದೆ ಎಂಬುದನ್ನು ಡೇಟಾಬೇಸ್ ಕಲಿಸಿತು. ನಾವು ಪ್ರತಿಗಳ ಸಂಖ್ಯೆಯನ್ನು 6ಕ್ಕೆ ಏರಿಸಿದ ದಿನ ಪೋಸ್ಟ್‌ಗ್ರೆಸ್ ಹೊಸ ಸಂಪರ್ಕಗಳನ್ನು ನಿರಾಕರಿಸಿತು. ಪ್ರತಿಯೊಂದು ಪ್ರತಿಯೂ 20 ಸಂಪರ್ಕಗಳ ಪೂಲ್ ಇಟ್ಟುಕೊಂಡಿತ್ತು, ಒಟ್ಟು 120. ಪೋಸ್ಟ್‌ಗ್ರೆಸ್‌ನ `max_connections` ಬದಲಿಸದಿದ್ದರೆ 100. ಹೊಸ ಆವೃತ್ತಿ ಹಾಕುವಾಗ ಹಳೆಯ ಮತ್ತು ಹೊಸ ಪ್ರತಿಗಳು ಸ್ವಲ್ಪ ಹೊತ್ತು ಜೊತೆಗಿರುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಪೂಲ್ ಅನ್ನು 8ಕ್ಕೆ ಇಳಿಸಿದೆವು.

ಅದೇ ಸಂಸ್ಥೆಯ ಲೆಕ್ಕಪತ್ರದ ತಂತ್ರಾಂಶವನ್ನು ಮಾತ್ರ ನಾನು ಮುಟ್ಟಲಿಲ್ಲ. ಅದನ್ನು ಬಳಸುವವರು ಹತ್ತು ಮಂದಿ, ಸಂಜೆಯ ಮೇಲೆ ಅರ್ಧ ಗಂಟೆ ನಿಂತರೂ ಯಾರಿಗೂ ನಷ್ಟವಿಲ್ಲ, ಪ್ರತಿ ರಾತ್ರಿ ಬ್ಯಾಕಪ್ ಆಗುತ್ತದೆ. ಅದು ಇಂದಿಗೂ ಒಂದೇ ವರ್ಚುವಲ್ ಯಂತ್ರದಲ್ಲಿದೆ, ಅಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಪ್ರವೇಶ ಅರ್ಜಿಯ ತಂತ್ರಾಂಶದಲ್ಲಾದರೆ, ಅರ್ಜಿಗಳು ತೆರೆದ ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಜನ ತುಂಬಿರುವಾಗಲೇ, `kubectl delete pod` ಕೊಟ್ಟು ಒಂದು ಪಾಡ್ ಅನ್ನು ನಾನೇ ಅಳಿಸುತ್ತೇನೆ. ಬಳಿಕ 502ಗಳ ಎಣಿಕೆಯನ್ನೂ, ‘ನಡೆಯುತ್ತಿರುವ ಕೆಲಸ’ಗಳ ಸಾಲಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡುತ್ತೇನೆ.