‘ಐ ಟೈಡ್ ದ ಫೀಸ್’: ಡಿಕ್ಷನರಿ ಆರಿಸಲು ನಾನು ಕಲಿತ ದಾರಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಂಜೆ ಟ್ಯೂಷನ್ ಕೊಡುವವನು ನಾನು. ಎಂಟರಿಂದ ಹತ್ತರವರೆಗಿನ ಕನ್ನಡ ಮೀಡಿಯಂ ಮಕ್ಕಳು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ನಾಲ್ಕನೆಯದು.

ಮೊದಲು ಇಂಗ್ಲಿಷ್-ಕನ್ನಡ ಪಾಕೆಟ್ ಡಿಕ್ಷನರಿ ತರಿಸಲು ಹೊರಟೆ. ಕಾಸರಗೋಡಿನ ಅಂಗಡಿಯವರು ‘ಮಾಷ್ಟ್ರೇ, ಇಂಗ್ಲಿಷ್-ಮಲಯಾಳಂ ಸಾಕಲ್ವಾ?’ ಎಂದರು. ಕೊನೆಗೆ ರೈಲು ಹತ್ತಿ ಮಂಗಳೂರಿಗೆ ಹೋಗಿ ಎಂಟು ಪ್ರತಿ ತಂದೆ. ಏಳುನೂರು ರೂಪಾಯಿ ಚಿಲ್ಲರೆ ಆಗಿರಬೇಕು. ಮಕ್ಕಳಿಗೆ ಅರ್ಥ ಸಿಕ್ಕಿತು, ವಾಕ್ಯ ಸಿಗಲಿಲ್ಲ. ಕೆಲವು ಕಡೆ ಕನ್ನಡದ ಅರ್ಥಕ್ಕೇ ಇನ್ನೊಂದು ನಿಘಂಟು ಬೇಕಿತ್ತು. ಪುಸ್ತಕದ ಸಂಸ್ಕೃತ ಪದ ನಮ್ಮ ಮಕ್ಕಳಿಗೆ ಎಲ್ಲಿ ಗೊತ್ತು?

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಪೆದ್ದುತನ. ಮುನ್ನೂರೈವತ್ತು ಕೊಟ್ಟು ಥಿಸಾರಸ್, ಅಂದರೆ ಸಮಾನಾರ್ಥಕ ಪದಗಳ ಪುಸ್ತಕ, ತಂದೆ. ಮರುವಾರ ಒಬ್ಬ ಹುಡುಗ ತನ್ನ ಅಜ್ಜಿಯ ಬಗ್ಗೆ ಬರೆದ. ‘ಥಿನ್’ ತೆಗೆದು ‘ಸ್ಕಿನಿ’ ಹಾಕಿದ್ದ, ‘ಓಲ್ಡ್’ ತೆಗೆದು ‘ಆಬ್ಸೊಲೀಟ್’. ಪಾಪ, ಅಜ್ಜಿ ಬಳಕೆ ತಪ್ಪಿದ ಯಂತ್ರವಾಗಿಬಿಟ್ಟಳು. ತಪ್ಪು ಹುಡುಗನದ್ದಲ್ಲ. ಅಂಥ ಪುಸ್ತಕ ಪದಗಳನ್ನು ಸಾಲಾಗಿ ಇಡುತ್ತದೆ, ಅವುಗಳ ನಡುವಿನ ವ್ಯತ್ಯಾಸ ಹೇಳುವುದಿಲ್ಲ. 1852ರ ರೋಜೆಯ ಥಿಸಾರಸ್ ಕೂಡ ಇಂಗ್ಲಿಷ್ ಗೊತ್ತಿದ್ದವರಿಗೆ ಮರೆತ ಪದ ನೆನಪಿಸುವ ಪುಸ್ತಕ, ಕಲಿಯುವವರಿಗಲ್ಲ.

ದಾರಿ ತೋರಿಸಿದ್ದು ಒಂಬತ್ತನೆಯ ತರಗತಿಯ ಒಬ್ಬಳು. ‘ನಾನು ಫೀಸು ಕಟ್ಟಿದೆ’ ಎನ್ನುವುದಕ್ಕೆ ‘ಐ ಟೈಡ್ ದ ಫೀಸ್’ ಎಂದು ಬರೆದಿದ್ದಳು. ‘ಕಟ್ಟು’ ಎಂದರೆ ‘ಟೈ’ ಅಲ್ವಾ ಎಂದಳು. ಸರಿಯೇ! ಮನೆ ಕಟ್ಟುತ್ತೇವೆ, ದನ ಕಟ್ಟುತ್ತೇವೆ, ಫೀಸೂ ಕಟ್ಟುತ್ತೇವೆ. ‘ಮಾಡು’ ಇನ್ನೂ ಕೆಟ್ಟದ್ದು: ಸ್ನಾನ, ತಪ್ಪು, ಹೋಂವರ್ಕ್ ಎಲ್ಲವನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಒಂದೊಂದು ಕ್ರಿಯಾಪದ. ಅಲರ್ ತಾಣದಲ್ಲಿ ‘ಕಟ್ಟು’ ಹುಡುಕಿಸಿ ನೋಡಿದೆ. ಒಳ್ಳೆಯ ಕನ್ನಡ-ಇಂಗ್ಲಿಷ್ ನಿಘಂಟು ಅದು, ಆದರೆ ಅರ್ಥಗಳ ಸಾಲು ನೋಡಿ ಹುಡುಗಿ ಕಂಗಾಲಾದಳು.

ಆಗ ಹೊಳೆಯಿತು: ಹುಡುಕಬೇಕಾದ್ದು ಕ್ರಿಯಾಪದವನ್ನಲ್ಲ, ನಾಮಪದವನ್ನು. ‘ಫೀ’ ತೆಗೆದು ನೋಡಿದರೆ ಉದಾಹರಣೆಯಲ್ಲೇ ‘ಪೇ’ ಕೂತಿರುತ್ತದೆ. ‘ಮಿಸ್ಟೇಕ್’ ಕೆಳಗೆ ‘ಮೇಕ್’, ‘ಹೋಂವರ್ಕ್’ ಕೆಳಗೆ ‘ಡು’. ‘ಬಾತ್’ ಕೆಳಗೆ ‘ಹ್ಯಾವ್’ ಅಥವಾ ‘ಟೇಕ್’. ಇದು ಪಾಕೆಟ್ ಡಿಕ್ಷನರಿಯಲ್ಲಿ ಸಿಗುವುದಿಲ್ಲ, ಉದಾಹರಣೆಯ ವಾಕ್ಯಕ್ಕೆ ಅಲ್ಲಿ ಜಾಗವೇ ಇಲ್ಲ. ಬೇಕಾದ್ದು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ. ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಅಥವಾ ಲಾಂಗ್‌ಮನ್ ಸಾಕು. ಲಾಂಗ್‌ಮನ್ ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ವಿವರಿಸುತ್ತದೆ. ನಾನು ತಂದದ್ದು ಸೆಕೆಂಡ್ ಹ್ಯಾಂಡ್, ಮುನ್ನೂರರ ಆಸುಪಾಸು, ಎರಡು ಮೂರು ಮುದ್ರಣ ಹಳೆಯದು. ಏನೂ ನಷ್ಟವಿಲ್ಲ. ಹೊಸ ಪದಗಳು ಇರುವುದಿಲ್ಲ ಅಷ್ಟೇ, ‘ಮಿಸ್ಟೇಕ್’ ಜತೆಗಿನ ‘ಮೇಕ್’ ಹತ್ತು ವರ್ಷದಲ್ಲಿ ಬದಲಾಗುತ್ತದಾ?

ಈಗ ಅಂಗಡಿಯಲ್ಲಿ ಬೆಲೆ ನೋಡುವ ಮೊದಲು ಮೂರು ಪದ ತೆಗೆದು ನೋಡುತ್ತೇನೆ. ‘ಮಿಸ್ಟೇಕ್’ ಕೆಳಗೆ ‘ಮೇಕ್’ ಇರುವ ವಾಕ್ಯ ಬೇಕು. ‘ಅಡ್ವೈಸ್’ ಪಕ್ಕದಲ್ಲಿ ಎಣಿಸಲಾಗದ ನಾಮಪದ ಎಂಬ ಗುರುತು ಬೇಕು, ಇಲ್ಲದಿದ್ದರೆ ಮಕ್ಕಳು ‘ಅಡ್ವೈಸಸ್’ ಎಂದು ಬರೆಯುತ್ತಾರೆ. ‘ಸ್ಕಿನಿ’ ಎದುರು ಇದು ಅಷ್ಟು ಮರ್ಯಾದೆಯ ಮಾತಲ್ಲ ಎಂಬ ಸೂಚನೆ ಬೇಕು. ಮೂರೂ ಇದ್ದರೆ ತೆಗೆದುಕೊಳ್ಳಿ. ನಾಲ್ಕನೆಯ ಪದವೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಟ್ಯೂಷನ್ ನಡೆಯಬೇಕಲ್ಲ!

‘ಮೊಬೈಲ್ ಇರುವಾಗ ಈ ಇಟ್ಟಿಗೆ ಯಾಕೆ?’ ಎಂದು ನಕ್ಕ ಸಹೋದ್ಯೋಗಿ ಮೊನ್ನೆ ಮೂರು ಪದಗಳ ಚೀಟಿ ಕೇಳಿ ಬರೆಸಿಕೊಂಡು ಹೋದರು. ಅಂದಾಜಿನಲ್ಲಿ ಹೇಳುವುದಾದರೆ, ಪ್ರಬಂಧದಲ್ಲಿ ಹತ್ತು ಹನ್ನೆರಡು ಇರುತ್ತಿದ್ದ ‘ಐ ಟೈಡ್ ದ ಫೀಸ್’ನಂಥ ತಪ್ಪು ನಾಲ್ಕು ತಿಂಗಳಲ್ಲಿ ಮೂರು ನಾಲ್ಕಕ್ಕೆ ಇಳಿದಿದೆ.

ಥಿಸಾರಸ್ ಈಗ ಹತ್ತನೆಯವರಿಗೆ ಮಾತ್ರ, ಅದೂ ಆಕ್ಸ್‌ಫರ್ಡ್ ಲರ್ನರ್ಸ್ ಥಿಸಾರಸ್. ಪದಗಳ ನಡುವೆ ಏನು ವ್ಯತ್ಯಾಸ ಎಂದು ಅದು ಬಿಡಿಸಿ ಹೇಳುತ್ತದೆ. ಆದರೂ ನನ್ನದೊಂದು ಷರತ್ತು: ಅಲ್ಲಿ ಆರಿಸಿದ ಪದವನ್ನು ಡಿಕ್ಷನರಿಯಲ್ಲಿ ಮತ್ತೆ ನೋಡದೆ ಬರೆಯುವಂತಿಲ್ಲ.

ಆ ಎಂಟು ಪಾಕೆಟ್ ಪುಸ್ತಕಗಳನ್ನು ಬಿಸಾಡಿಲ್ಲ. ‘ಕ್ಯಾಶ್ಯೂ’ ಎಂಬುದಕ್ಕೆ ಇಂಗ್ಲಿಷ್ ವಿವರಣೆ ಓದಿ ಒದ್ದಾಡುವ ಬದಲು ‘ಗೇರು’ ಎಂದರೆ ಮುಗಿಯಿತು. ಗಿಡ, ಹಕ್ಕಿ, ರೋಗದ ಹೆಸರಿಗೆ ಈಗಲೂ ಅವೇ ಬೇಕು. ಏಳನೆಯ ತರಗತಿಗಿಂತ ಕೆಳಗಿನವರಿಗೂ ಅವೇ.