ಪಾವತಿ ತಡವಾಗಿದೆ ಎಂದಷ್ಟೇ ಬರೆದರೆ ಸಾಲದು: ಆಡಿಟ್ ಅವಲೋಕನವನ್ನು ಫೈಂಡಿಂಗ್ ಆಗಿ ಬರೆಯುವ ಕ್ರಮ

ಬೆಂಗಳೂರಿನ ಕಂಪನಿಗಳ ಆಂತರಿಕ ಲೆಕ್ಕಪರಿಶೋಧನಾ ವರದಿಗಳ ಕರಡು ತಿದ್ದುವವರ ಮೇಜಿಗೆ ಒಂದು ವಾಕ್ಯ ತಪ್ಪದೆ ಬರುತ್ತದೆ: "ಕೆಲವು ಎಂಎಸ್‌ಎಂಇ ಪೂರೈಕೆದಾರರಿಗೆ ಪಾವತಿ ವಿಳಂಬವಾಗಿರುವುದು ಕಂಡುಬಂದಿದೆ. ಆಡಳಿತ ವರ್ಗವು ನಿಯಂತ್ರಣಗಳನ್ನು ಬಲಪಡಿಸಬೇಕು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎಷ್ಟು ಬಿಲ್‌ಗಳು, ಯಾವ ಗಡುವಿಗೆ ಹೋಲಿಸಿದರೆ ತಡ, ಏಕೆ ತಡವಾಯಿತು, ಅದರಿಂದ ಕಂಪನಿಯ ತಲೆಯ ಮೇಲೆ ಬಂದದ್ದೇನು, ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಎಂಬ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಇಂಥದ್ದು ಅವಲೋಕನವೇ ಹೊರತು ಫೈಂಡಿಂಗ್ ಅಲ್ಲ. ಇದೇ ವಾಕ್ಯವನ್ನು ಹಿಡಿದುಕೊಂಡು, ಪೀಣ್ಯದಲ್ಲಿರುವ ಒಂದು ಬಿಡಿಭಾಗಗಳ ಕಾರ್ಖಾನೆಯನ್ನು ಕಲ್ಪಿಸಿಕೊಂಡು, ಅದನ್ನು ಫೈಂಡಿಂಗ್ ಆಗಿ ಬೆಳೆಸುವ ಬಗೆಯನ್ನು ನೋಡೋಣ.

ಮೊದಲು ಮಾನದಂಡ

ಮಾನದಂಡವೆಂದರೆ ಹೇಗಿರಬೇಕಿತ್ತು ಎಂಬುದಕ್ಕೆ ಆಧಾರವಾದ ಲಿಖಿತ ಮಾತು. "ಉತ್ತಮ ರೂಢಿಯ ಪ್ರಕಾರ" ಎಂದು ಬರೆಯುವವರು ಬಹುಮಟ್ಟಿಗೆ ಮಾನದಂಡವನ್ನು ಹುಡುಕದೆ ಬಿಟ್ಟವರು. ನಮ್ಮ ಪ್ರಕರಣದಲ್ಲಿ ಅದು ಸ್ಪಷ್ಟವಾಗಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತವಾಗಿ ಒಪ್ಪಿದ ದಿನಾಂಕದೊಳಗೆ ಹಣ ಕೊಡಬೇಕು, ಮತ್ತು ಆ ಅವಧಿ ಸರಕು ಸ್ವೀಕರಿಸಿದ ದಿನದಿಂದ 45 ದಿನವನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ನಮ್ಮ ಕಾರ್ಖಾನೆಯ ಖರೀದಿ ಆದೇಶದಲ್ಲಿ 45 ದಿನವೆಂದೇ ಬರೆದಿದೆ ಎಂದುಕೊಳ್ಳೋಣ.

ಇಲ್ಲಿ ಎಡವುವ ಜಾಗ ಎರಡಿವೆ. ಒಂದು, ಲೆಕ್ಕ ಶುರುವಾಗುವ ದಿನ. ಸರಕು ಬಂದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ ಸರಕು ತಲುಪಿದ ದಿನವನ್ನೇ ಸ್ವೀಕಾರದ ದಿನವೆಂದು ಕಾಯ್ದೆ ಭಾವಿಸುತ್ತದೆ. ಬಿಲ್ಲಿನ ಮೇಲಿರುವ ದಿನಾಂಕಕ್ಕೂ ಅದನ್ನು ಲೆಕ್ಕಕ್ಕೆ ಏರಿಸಿದ ದಿನಾಂಕಕ್ಕೂ ಇದರಲ್ಲಿ ಪಾತ್ರವಿಲ್ಲ. ಇನ್ನೊಂದು, ಪೂರೈಕೆದಾರ ಯಾರು ಎಂಬುದು. ಮಧ್ಯಮ ಉದ್ಯಮಗಳಿಗೆ ಈ ಗಡುವಿನ ರಕ್ಷಣೆ ಇಲ್ಲ. ವ್ಯಾಪಾರಿಗಳು ಉದ್ಯಮ್ ನೋಂದಣಿ ಪಡೆದಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತವೆಂದು ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2021ರಲ್ಲೇ ತಿಳಿಸಿದೆ. ಈ ಎರಡು ಗುಂಪುಗಳನ್ನು ತೆಗೆಯದೆ ಎಣಿಸಿದ ಸಂಖ್ಯೆಯನ್ನು ಅಕೌಂಟ್ಸ್ ವಿಭಾಗ ಐದು ನಿಮಿಷದಲ್ಲಿ ಉರುಳಿಸುತ್ತದೆ, ಜೊತೆಗೆ ವರದಿಯ ಉಳಿದ ಭಾಗದ ಮೇಲಿನ ನಂಬಿಕೆಯೂ ಉರುಳುತ್ತದೆ.

ನಂತರ ಸ್ಥಿತಿ

ಕಂಡದ್ದನ್ನು ಅವಧಿ, ಸಂಖ್ಯೆ, ಮೊತ್ತಗಳೊಂದಿಗೆ ಬರೆದರೆ ಇದು ಮುಗಿಯಿತು: 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 60 ಬಿಲ್‌ಗಳನ್ನು ಪರಿಶೀಲಿಸಲಾಯಿತು, ಅವುಗಳಲ್ಲಿ ₹46.80 ಲಕ್ಷ ಮೊತ್ತದ 22 ಬಿಲ್‌ಗಳಿಗೆ 45 ದಿನ ಕಳೆದ ಮೇಲೆ ಪಾವತಿಯಾಗಿದೆ. "ಕೆಲವು", "ಹಲವು", "ಬಹುತೇಕ" ಎಂಬ ಪದಗಳನ್ನು ಈ ಭಾಗದಲ್ಲಿ ಕಂಡರೆ ನಾನು ಕರಡನ್ನು ಓದದೆ ಹಿಂದಿರುಗಿಸುತ್ತೇನೆ.

ಹೆಚ್ಚು ಹೊತ್ತು ಬೇಡುವುದು ಕಾರಣ

ಕಾರಣವೆಂಬ ಅಂಕಣದಲ್ಲಿ ನಡೆಯುವಷ್ಟು ಮೋಸ ವರದಿಯ ಬೇರೆಲ್ಲೂ ನಡೆಯುವುದಿಲ್ಲ. "ಮೇಲ್ವಿಚಾರಣೆಯ ಕೊರತೆಯಿಂದ ವಿಳಂಬವಾಗಿದೆ" ಎಂಬುದು ಸ್ಥಿತಿಯನ್ನೇ ಬೇರೆ ಪದಗಳಲ್ಲಿ ಹೇಳುವ ಮಾತು. ಮಾರುಕಟ್ಟೆಯಲ್ಲಿ ಸಿಗುವ ಆಡಿಟ್ ತಂತ್ರಾಂಶಗಳು ಈ ಚಾಳಿಗೆ ನೀರೆರೆಯುತ್ತವೆ. ಕಾರಣವನ್ನು ಬರೆಯಲು ಜಾಗ ಕೊಡುವ ಬದಲು "ಮಾನವ ದೋಷ", "ಪ್ರಕ್ರಿಯೆಯ ದೋಷ", "ತರಬೇತಿಯ ಅಭಾವ" ಎಂಬ ಪಟ್ಟಿಯಿಂದ ಒಂದನ್ನು ಆರಿಸಲು ಹೇಳುವ ಯಾವ ತಂತ್ರಾಂಶವನ್ನೂ ಕೊಳ್ಳಬೇಡಿ; ಈಗಾಗಲೇ ಕೊಂಡಿದ್ದರೆ ಆ ಪಟ್ಟಿಯನ್ನು ಮುಟ್ಟದೆ, ಟಿಪ್ಪಣಿಯ ಜಾಗದಲ್ಲಿ ಬರೆಯಿರಿ.

ಕಾರಣವನ್ನು ಹುಡುಕಲು ತಡವಾದ ಒಂದು ಬಿಲ್ಲನ್ನು ಕೈಗೆತ್ತಿಕೊಂಡು ಅದು ನಡೆದ ದಾರಿಯಲ್ಲೇ ನಡೆಯಬೇಕು. ಉದಾಹರಣೆಗೆ ₹3,60,000ದ ಒಂದು ಬಿಲ್ಲು. ಅದರ ಹಿಂಬದಿಯಲ್ಲಿ ಮೂರು ರಬ್ಬರ್ ಮೊಹರುಗಳಿವೆ. ಗೇಟಿನದು 2024ರ ಜೂನ್ 3, ಸ್ಟೋರ್ಸ್‌ನದು ಜೂನ್ 4, ಅಕೌಂಟ್ಸ್‌ನದು ಜುಲೈ 15. ಕೊಡಬೇಕಿದ್ದ ಕಡೆಯ ದಿನ ಜುಲೈ 18, ಕೊಟ್ಟದ್ದು ಆಗಸ್ಟ್ 14. ಅಕೌಂಟ್ಸ್‌ನವರನ್ನು ಕೇಳಿದರೆ "ವೆಂಡರ್‌ಗಳು ಬಿಲ್ಲನ್ನೇ ತಡವಾಗಿ ಕೊಡುತ್ತಾರೆ, ಸರ್" ಎನ್ನುತ್ತಾರೆ. ಆದರೆ ಬಿಲ್ಲು ಲಾರಿಯ ಜೊತೆಗೇ ಬಂದಿತ್ತೆಂದು ಗೇಟಿನ ಮೊಹರು ಹೇಳುತ್ತದೆ. ಸ್ಟೋರ್ಸ್‌ನಲ್ಲಿ ವಿಚಾರಿಸಿದರೆ, ಗುಣಮಟ್ಟ ತಪಾಸಣೆಯ ವರದಿ ಸೇರಿದ ಮೇಲೆ ಬಿಲ್‌ಗಳನ್ನು ಕಟ್ಟು ಕಟ್ಟಿ ಒಟ್ಟಿಗೆ ಕಳುಹಿಸುವ ಪದ್ಧತಿ ಇದೆಯೆಂದು ತಿಳಿಯುತ್ತದೆ.

ಅನೇಕರು ಇಲ್ಲಿಗೆ ನಿಲ್ಲಿಸಿ, ಸ್ಟೋರ್ಸ್‌ನ ಮೇಲೆ ಹೊಣೆ ಹಾಕಿಬಿಡುತ್ತಾರೆ. ಇನ್ನೊಂದು ಹೆಜ್ಜೆ ಮುಂದಿಡಬೇಕು. ಬಿಲ್ಲು ಜುಲೈ 15ಕ್ಕೆ ಅಕೌಂಟ್ಸ್ ಸೇರಿ ಅಂದೇ ಲೆಕ್ಕಕ್ಕೆ ಏರಿದಾಗ ಗಡುವಿಗೆ ಇನ್ನೂ ಮೂರು ದಿನವಿತ್ತು; ಆದರೂ ಹಣ ಹೋಗಲಿಲ್ಲವೇಕೆ? ವೆಂಡರ್ ಮಾಸ್ಟರ್ ತೆರೆದು ನೋಡಿದರೆ ಉತ್ತರ ಅಲ್ಲಿದೆ. ಪಾವತಿಯ ದಿನಾಂಕವನ್ನು ಗಣಕವು ಲೆಕ್ಕಕ್ಕೆ ಏರಿಸಿದ ದಿನದಿಂದ 30 ದಿನವೆಂದು ಎಣಿಸುತ್ತಿದೆ. ಬಿಲ್ಲು ಬರಲು ಎರಡು ವಾರ ಹಿಡಿದರೂ 45ರೊಳಗೆ ಮುಗಿಯುತ್ತದೆಂಬ ಲೆಕ್ಕಾಚಾರದಲ್ಲಿ ಯಾರೋ ಹಾಗೆ ಇಟ್ಟಿದ್ದಾರೆ. ಸರಕು ಬಂದ ದಿನಾಂಕ ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಈಗ ಸಿಕ್ಕಿರುವುದು ಊಹೆ. ಅದನ್ನು ಉಳಿದ ಬಿಲ್‌ಗಳ ಮೇಲೆ ಒರೆಗೆ ಹಚ್ಚಬೇಕು. ನಮ್ಮ ಕಾರಣ ನಿಜವಾಗಿದ್ದರೆ, 15ನೇ ದಿನದ ನಂತರ ಲೆಕ್ಕಕ್ಕೆ ಏರಿದ ಬಿಲ್‌ಗಳೇ ತಡವಾಗಿರಬೇಕು, ಅದರೊಳಗೆ ಏರಿದವು ಸಕಾಲಕ್ಕೆ ಪಾವತಿಯಾಗಿರಬೇಕು. ಪರೀಕ್ಷಿಸಿದಾಗ, ಸಕಾಲಕ್ಕೆ ಪಾವತಿಯಾದ 38 ಬಿಲ್‌ಗಳೂ 15 ದಿನದೊಳಗೆ ಏರಿದ್ದವು. ತಡವಾದ 22ರಲ್ಲಿ 20 ಆಮೇಲೆ ಏರಿದ್ದವು. ಉಳಿದ ಎರಡನ್ನು ಜಿಎಸ್‌ಟಿ ಹೊಂದಾಣಿಕೆಯಾಗಿಲ್ಲವೆಂದು ತಡೆಹಿಡಿಯಲಾಗಿತ್ತು. ಅವುಗಳ ಕಾರಣ ಬೇರೆ, ಅವನ್ನು ಬೇರೆಯಾಗಿಯೇ ಬರೆಯಬೇಕು. ಸರಿಯಾಗಿ ಹೋದ ಬಿಲ್‌ಗಳನ್ನು ನೋಡುವ ಈ ಕೆಲಸವನ್ನು ಸಮಯವಿಲ್ಲವೆಂದು ಬಿಡುವವರೇ ಹೆಚ್ಚು. ಆದರೆ "ಸಿಬ್ಬಂದಿ ಕಡಿಮೆ ಇದ್ದಾರೆ" ಎಂಬ ವಾದಕ್ಕೆ ಉತ್ತರ ಸಿಗುವುದು ಅಲ್ಲೇ, ಏಕೆಂದರೆ ಅಷ್ಟೇ ಸಿಬ್ಬಂದಿ ಆ 38 ಬಿಲ್‌ಗಳನ್ನೂ ನಿಭಾಯಿಸಿದ್ದಾರೆ.

ಕೊನೆಯದಾಗಿ, ಕಾರಣವನ್ನು ತೆಗೆದುಹಾಕಿದರೆ ಫಲಿತಾಂಶ ಬದಲಾಗುತ್ತಿತ್ತೇ ಎಂದು ಕೇಳಬೇಕು. ಗಣಕವು ಗೇಟಿನ ದಿನಾಂಕದಿಂದ 45 ದಿನ ಎಣಿಸಿದ್ದರೆ, 20ರಲ್ಲಿ 18 ಬಿಲ್‌ಗಳು ಗಡುವಿನೊಳಗೆ ಹೋಗುತ್ತಿದ್ದವು. ಎರಡು ಮಾತ್ರ 45ನೇ ದಿನ ಕಳೆದ ಮೇಲೆ ಲೆಕ್ಕಕ್ಕೆ ಏರಿದ್ದರಿಂದ ಆಗಲೂ ತಪ್ಪುತ್ತಿದ್ದವು. ಹೀಗೆ ಗಣಕದ ವ್ಯವಸ್ಥೆ ಮುಖ್ಯ ಕಾರಣವೆಂದೂ ಸ್ಟೋರ್ಸ್‌ನ ಕಟ್ಟು ಕಟ್ಟುವ ಪದ್ಧತಿ ಎರಡನೆಯದೆಂದೂ ತೀರ್ಮಾನವಾಗುತ್ತದೆ. "ಏಕೆ" ಎಂದು ಕೇಳುತ್ತಾ ಹೋಗುವುದನ್ನು ಎಲ್ಲಿ ನಿಲ್ಲಿಸಬೇಕೆಂದರೆ, ಕಂಪನಿಯೊಳಗಿನ ಒಬ್ಬ ಅಧಿಕಾರಿ ತನ್ನ ಅಧಿಕಾರದಲ್ಲೇ ಬದಲಾಯಿಸಬಲ್ಲ ಸಂಗತಿ ಸಿಕ್ಕ ಕಡೆ. ಅದಕ್ಕಿಂತ ಆಳಕ್ಕೆ ಹೋದರೆ "ಸಂಸ್ಥೆಯ ಸಂಸ್ಕೃತಿ" ಎಂಬಂಥ, ಯಾರೂ ಸರಿಪಡಿಸಲಾಗದ ಮಾತು ಕೈಗೆ ಸಿಗುತ್ತದೆ.

ಪರಿಣಾಮವನ್ನು ಉಬ್ಬಿಸಬೇಡಿ

ತಡವಾದ ಮೊತ್ತಕ್ಕೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. 2024ರಲ್ಲಿ ಆ ದರ ಶೇ 6.75 ಇತ್ತು, ಆದ್ದರಿಂದ ಬಡ್ಡಿ ವರ್ಷಕ್ಕೆ ಶೇ 20.25. ಮೇಲಿನ ಬಿಲ್ಲಿನ 27 ದಿನದ ವಿಳಂಬಕ್ಕೆ ಇದು ಸುಮಾರು ₹5,393 ಆಗುತ್ತದೆ. 22 ಬಿಲ್‌ಗಳಿಗೂ ಹೀಗೆಯೇ ಲೆಕ್ಕ ಹಾಕಿ ಒಟ್ಟು ₹68,400 ಬಂತೆಂದುಕೊಳ್ಳೋಣ. ಈ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತವೂ ಸಿಗುವುದಿಲ್ಲ.

ಮೊತ್ತ ಚಿಕ್ಕದಾಗಿ ಕಂಡಾಗ ಕೈ ತುರಿಸುತ್ತದೆ. 2024ರಲ್ಲಿ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆ 1961ರ 43ಬಿ ಕಲಂನ ಎಚ್ ಉಪಖಂಡವನ್ನು ಎಳೆದುತಂದು "₹46.80 ಲಕ್ಷ ವೆಚ್ಚ ಅಮಾನ್ಯವಾಗುವ ಅಪಾಯ" ಎಂದು ಬರೆಯುವುದು ಈಗಿನ ಫ್ಯಾಷನ್. ಆ ಉಪಖಂಡದಿಂದ ಕಡಿತ ಮುಂದೂಡಲ್ಪಡುವುದು, ಗಡುವು ಮೀರಿದ ಮೊತ್ತವನ್ನು ಆರ್ಥಿಕ ವರ್ಷದೊಳಗೆ ಕೊಡದಿದ್ದಾಗ. ನಮ್ಮ 22 ಬಿಲ್‌ಗಳೂ ಅದೇ ವರ್ಷದಲ್ಲಿ ಪಾವತಿಯಾಗಿರುವುದರಿಂದ ಅವುಗಳಿಗೆ ಇದು ತಾಗುವುದೇ ಇಲ್ಲ. ಇದೇ ವ್ಯವಸ್ಥೆ ಮುಂದುವರಿದರೆ ವರ್ಷಾಂತ್ಯದ ಹೊತ್ತಿಗೆ ಗಡುವು ಮೀರಿ, ಮಾರ್ಚ್ 31ರ ಆಚೆಗೆ ಪಾವತಿಯಾಗುವ ಬಿಲ್‌ಗಳಿಗೆ ತಾಗಬಹುದು. ಅದನ್ನು ಮುಂದಿನ ಸಾಧ್ಯತೆಯೆಂದು ಪ್ರತ್ಯೇಕ ವಾಕ್ಯದಲ್ಲಿ ಹೇಳಿ. ಆಗಿರುವುದನ್ನೂ ಆಗಬಹುದಾದದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು.

ಶಿಫಾರಸು

ಕಾರಣ ಸರಿಯಾಗಿ ಸಿಕ್ಕಿದ್ದರೆ ಶಿಫಾರಸು ತಾನಾಗಿ ಬರುತ್ತದೆ. ಪ್ರತಿ ಕಾರಣಕ್ಕೆ ಒಂದು ಕ್ರಮ, ಒಬ್ಬ ಹೊಣೆಗಾರ, ಒಂದು ದಿನಾಂಕ ಇರಬೇಕು. ಕಾರಣಕ್ಕೆ ಕೊಂಡಿಯಿಲ್ಲದ ತರಬೇತಿಯನ್ನು ಶಿಫಾರಸು ಮಾಡಲೇಬೇಡಿ. ಎಲ್ಲವನ್ನೂ ಸೇರಿಸಿದಾಗ ಫೈಂಡಿಂಗ್ ಹೀಗಿರುತ್ತದೆ:

"ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಂ ಹಾಗೂ ಕಂಪನಿಯ ಖರೀದಿ ಆದೇಶದ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಸರಕು ಸ್ವೀಕರಿಸಿದ 45 ದಿನದೊಳಗೆ ಪಾವತಿಸಬೇಕು. ಏಪ್ರಿಲ್–ಸೆಪ್ಟೆಂಬರ್ 2024ರ 60 ಬಿಲ್‌ಗಳಲ್ಲಿ ₹46.80 ಲಕ್ಷದ 22 ಬಿಲ್‌ಗಳಿಗೆ ಗಡುವು ಮೀರಿ ಪಾವತಿಯಾಗಿದೆ. ಪಾವತಿಯ ದಿನಾಂಕವನ್ನು ಗಣಕವು ಸರಕು ಬಂದ ದಿನದ ಬದಲು ಬಿಲ್ಲು ಲೆಕ್ಕಕ್ಕೆ ಏರಿದ ದಿನದಿಂದ ಎಣಿಸುವುದು 18 ಪ್ರಕರಣಗಳಿಗೆ ಮುಖ್ಯ ಕಾರಣ. ಸ್ಟೋರ್ಸ್‌ನಲ್ಲಿ ಬಿಲ್‌ಗಳು 45 ದಿನಕ್ಕೂ ಹೆಚ್ಚು ಉಳಿದದ್ದು ಎರಡಕ್ಕೆ, ಜಿಎಸ್‌ಟಿ ತಡೆ ಇನ್ನೆರಡಕ್ಕೆ ಕಾರಣ. ಇದರಿಂದ ₹68,400 ಬಡ್ಡಿಯ ಹೊಣೆ ಉಂಟಾಗಿದ್ದು, ಅದನ್ನು ಲೆಕ್ಕಪುಸ್ತಕದಲ್ಲಿ ತೋರಿಸಿಲ್ಲ. ಈ ಪೂರೈಕೆದಾರರಿಗೆ ಗೇಟಿನ ದಿನಾಂಕದಿಂದ ಗಡುವು ಎಣಿಸುವಂತೆ ಹಣಕಾಸು ಮುಖ್ಯಸ್ಥರು ಮುಂದಿನ ತಿಂಗಳ 15ರೊಳಗೆ ವೆಂಡರ್ ಮಾಸ್ಟರ್ ಬದಲಿಸಬೇಕು ಮತ್ತು ಬಡ್ಡಿಯನ್ನು ಲೆಕ್ಕಕ್ಕೆ ತರಬೇಕು. ಸರಕು ಬಂದು 10 ದಿನವಾದರೂ ಅಕೌಂಟ್ಸ್ ಸೇರದ ಬಿಲ್‌ಗಳ ಪಟ್ಟಿಯನ್ನು ಸ್ಟೋರ್ಸ್ ವ್ಯವಸ್ಥಾಪಕರು ಪ್ರತಿ ಸೋಮವಾರ ಕಳುಹಿಸಬೇಕು. ಜಿಎಸ್‌ಟಿ ವ್ಯತ್ಯಾಸವನ್ನು ಅಕೌಂಟ್ಸ್ ವ್ಯವಸ್ಥಾಪಕರು ಸರಕು ಬಂದ 15 ದಿನದೊಳಗೆ ಪೂರೈಕೆದಾರರಿಗೆ ಲಿಖಿತವಾಗಿ ತಿಳಿಸಿ, ಗಡುವಿನೊಳಗೆ ಬಗೆಹರಿಸಬೇಕು. ಇದು ಮುಂದಿನ ತಿಂಗಳ 1ರಿಂದ ಜಾರಿಗೆ ಬರಬೇಕು."

ಇದನ್ನು ಸಮಾರೋಪ ಸಭೆಗೆ ಒಯ್ಯುವ ಮೊದಲೇ ಹಣಕಾಸು ಮುಖ್ಯಸ್ಥರಿಗೂ ಸ್ಟೋರ್ಸ್‌ನವರಿಗೂ ಬೇರೆಬೇರೆಯಾಗಿ ತೋರಿಸಿ, ಕಾರಣವನ್ನು ಒಪ್ಪುತ್ತಾರೆಯೇ ಎಂದಷ್ಟೇ ಕೇಳಿ. ಸಂಖ್ಯೆಯ ಬಗ್ಗೆ ತಕರಾರು ಬಂದರೆ ಮೊಹರುಗಳಿರುವ ಬಿಲ್ಲಿನ ಪ್ರತಿಗಳನ್ನು ಮುಂದಿಡಬಹುದು. ಕಾರಣದ ಬಗ್ಗೆ ತಕರಾರು ಬಂದರೆ, ಅವರು ಹೇಳುವ ಕಾರಣವನ್ನೂ ಅದೇ 60 ಬಿಲ್‌ಗಳ ಮೇಲೆ ಒರೆಗೆ ಹಚ್ಚಿ ನೋಡಿದ ನಂತರವೇ ಕರಡಿಗೆ ಸಹಿ ಹಾಕಿ.